ದೊಡ್ಡ ಕಾಪಿಯ ನಡುವೆ ಎನ್‌ವಿಎಂಇ ಡ್ರೈವ್ ನಿಧಾನವಾದಾಗ: ದೋಷ ಪತ್ತೆ ಮತ್ತು ಪೆಟ್ಟಿಗೆಯ ಮೇಲಿನ ಅಂಕಿಗಳ ಓದು

ಹೊಸ ಎನ್‌ವಿಎಂಇ ಡ್ರೈವಿಗೆ, ಎಂದರೆ ವೇಗದ ಬಗೆಯ ಎಸ್‌ಎಸ್‌ಡಿಗೆ, ನೂರಾರು ಜಿಬಿ ಕಾಪಿ ಮಾಡಲು ಕೊಟ್ಟಾಗ ಮೊದಲ ಅರ್ಧ ನಿಮಿಷ ವೇಗ ಸೆಕೆಂಡಿಗೆ 1800 ಎಂಬಿಯಷ್ಟು ಇದ್ದು, ಆಮೇಲೆ ಒಮ್ಮೆಲೇ 120 ಎಂಬಿಗೆ ಕುಸಿದು, ಕಾಪಿ ಮುಗಿಯುವವರೆಗೂ ಅಲ್ಲಿಯೇ ನಿಂತುಬಿಡುವುದು ನಮ್ಮ ರಿಪೇರಿ ಮೇಜಿಗೆ ಪದೇ ಪದೇ ಬರುವ ದೂರು. ಡ್ರೈವ್ ಕೆಟ್ಟಿದೆ ಎಂದೇ ಹೆಚ್ಚಿನವರು ತೀರ್ಮಾನಿಸಿರುತ್ತಾರೆ. ಮಡಿಕೇರಿಯಿಂದ ವಾರಂಟಿಗೆಂದು ಡ್ರೈವನ್ನು ಮೈಸೂರಿಗೋ ಬೆಂಗಳೂರಿಗೋ ಕಳುಹಿಸಿದರೆ, ಅದರಲ್ಲಿರುವ ಮಾಹಿತಿಯನ್ನು ಮೊದಲು ಬೇರೆಡೆಗೆ ತೆಗೆದಿಡುವ ಕೆಲಸವೂ ಸೇರಿ ಹಲವು ದಿನ ಹೋಗುತ್ತವೆ. ಕೊನೆಗೆ ‘ದೋಷ ಕಂಡುಬಂದಿಲ್ಲ’ ಎಂಬ ಚೀಟಿಯೊಂದಿಗೆ ಅದೇ ಡ್ರೈವ್ ಹಿಂದಿರುಗುವ ಸಾಧ್ಯತೆಯೇ ಹೆಚ್ಚು. ಆದ್ದರಿಂದ ಕಳುಹಿಸುವ ಮೊದಲೇ ಕಾರಣವನ್ನು ಗುರುತಿಸಿಕೊಳ್ಳುವ ಕ್ರಮವನ್ನು, ಗೋಣಿಕೊಪ್ಪಲಿನ ಮದುವೆ ವಿಡಿಯೊ ಸ್ಟುಡಿಯೊವೊಂದರ ಡ್ರೈವನ್ನು ಉದಾಹರಣೆಯಾಗಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

ಡ್ರೈವಿನ ಒಳಗೆ ನಡೆಯುವುದೇನು

ಎಸ್‌ಎಸ್‌ಡಿಯ ನ್ಯಾಂಡ್ ಚಿಪ್ಪಿನಲ್ಲಿ ಮಾಹಿತಿ ಉಳಿಯುವುದು ಸಣ್ಣ ಸಣ್ಣ ಸೆಲ್‌ಗಳಲ್ಲಿ. ಒಂದು ಸೆಲ್ಲಿನಲ್ಲಿ ಮೂರು ಬಿಟ್ ಇಡುವುದನ್ನು ಟಿಎಲ್‌ಸಿ ಎಂದೂ ನಾಲ್ಕು ಬಿಟ್ ಇಡುವುದನ್ನು ಕ್ಯೂಎಲ್‌ಸಿ ಎಂದೂ ಕರೆಯುತ್ತಾರೆ. ಒಂದೇ ಬಿಟ್ ಇಡುವುದಾದರೆ ಸೆಲ್ಲಿನಲ್ಲಿ ಎರಡು ಮಟ್ಟದ ವಿದ್ಯುದಾವೇಶವನ್ನು ಗುರುತಿಸಿದರೆ ಸಾಕು. ಮೂರು ಬಿಟ್‌ಗೆ ಎಂಟು ಮಟ್ಟಗಳು, ನಾಲ್ಕು ಬಿಟ್‌ಗೆ ಹದಿನಾರು ಮಟ್ಟಗಳು ಬೇಕಾಗುತ್ತವೆ. ಮಟ್ಟಗಳು ಹೆಚ್ಚಿದಷ್ಟೂ ಅವುಗಳ ನಡುವಿನ ಅಂತರ ಕಿರಿದಾಗುವುದರಿಂದ, ಡ್ರೈವಿನ ಕೆಲಸವನ್ನೆಲ್ಲ ನಡೆಸುವ ಕಂಟ್ರೋಲರ್ ಚಿಪ್ ಸ್ವಲ್ಪ ಸ್ವಲ್ಪವೇ ಆವೇಶ ತುಂಬಿ, ಅಳೆದು ನೋಡಿ, ಮತ್ತೆ ತುಂಬಬೇಕಾಗುತ್ತದೆ. ಬರೆಯುವ ಕೆಲಸ ನಿಧಾನವಾಗುವುದು ಇಲ್ಲಿಯೇ.

ಈ ನಿಧಾನವನ್ನು ಮರೆಮಾಡಲು ತಯಾರಕರು ಒಂದು ಉಪಾಯ ಮಾಡಿದ್ದಾರೆ. ಖಾಲಿಯಿರುವ ಸೆಲ್‌ಗಳಲ್ಲಿ ಒಂದು ಭಾಗವನ್ನು ತಾತ್ಕಾಲಿಕವಾಗಿ ಒಂದೊಂದೇ ಬಿಟ್ ಇಡುವಂತೆ ಬಳಸಿ, ಬಂದ ಮಾಹಿತಿಯನ್ನು ಮೊದಲು ಅಲ್ಲಿಗೆ ವೇಗವಾಗಿ ಬರೆದುಕೊಳ್ಳುತ್ತಾರೆ. ಎಸ್‌ಎಲ್‌ಸಿ ಕ್ಯಾಶ್ ಎನ್ನುವುದು ಇದಕ್ಕೆ. ಆಮೇಲೆ ಡ್ರೈವ್ ಸುಮ್ಮನಿರುವಾಗ ಕಂಟ್ರೋಲರ್ ತಾನೇ ಆ ಮಾಹಿತಿಯನ್ನು ಓದಿ, ಮೂರು ಅಥವಾ ನಾಲ್ಕು ಬಿಟ್‌ಗಳ ರೂಪದಲ್ಲಿ ಒತ್ತಾಗಿ ಮರಳಿ ಬರೆದು, ಕ್ಯಾಶಿನ ಜಾಗವನ್ನು ತೆರವು ಮಾಡುತ್ತದೆ.

ತೊಂದರೆ ಶುರುವಾಗುವುದು ಡ್ರೈವಿಗೆ ಸುಮ್ಮನಿರಲು ಬಿಡುವೇ ಸಿಗದಿದ್ದಾಗ. ಕಾಫಿ ಕೊಯ್ಲಿನ ಕಾಲದಲ್ಲಿ ಕಣದ ತುಂಬ ಹಣ್ಣು ಹರಡಿದ್ದು, ಇನ್ನೊಂದು ಲೋಡು ಬಂದು ನಿಂತರೆ, ಅದೇ ಆಳುಗಳು ಒಣಗಿದ್ದನ್ನು ಚೀಲಕ್ಕೆ ತುಂಬುತ್ತಲೇ ಹೊಸದನ್ನು ಇಳಿಸಬೇಕಾಗುತ್ತದಲ್ಲ, ಕ್ಯಾಶ್ ತುಂಬಿದ ಡ್ರೈವಿನ ಸ್ಥಿತಿಯೂ ಹಾಗೆಯೇ. ಹಳೆಯ ಮಾಹಿತಿಯನ್ನು ಕ್ಯಾಶಿನಿಂದ ಓದಿ ಒತ್ತಾಗಿ ಬರೆಯುವ ಕೆಲಸ ಮತ್ತು ಹೊಸ ಮಾಹಿತಿಯನ್ನು ಸ್ವೀಕರಿಸುವ ಕೆಲಸ ಎರಡೂ ಒಂದೇ ಹೊತ್ತಿಗೆ ಒಂದೇ ಚಿಪ್‌ಗಳ ಮೇಲೆ ಬೀಳುತ್ತವೆ. ಕೆಲವು ಡ್ರೈವ್‌ಗಳು ಕ್ಯಾಶ್ ತುಂಬಿದ ಕೂಡಲೇ ಹೊಸ ಮಾಹಿತಿಯನ್ನು ನೇರವಾಗಿ ಟಿಎಲ್‌ಸಿ ಸೆಲ್‌ಗಳಿಗೆ ಬರೆಯಲು ತೊಡಗುತ್ತವೆ. ಅಂಥವುಗಳಲ್ಲಿ ವೇಗ ಅರ್ಧಕ್ಕೋ ಮೂರನೆಯ ಒಂದಕ್ಕೋ ಇಳಿದು ನಿಲ್ಲುತ್ತದೆ. ಖಾಲಿ ಜಾಗವನ್ನೆಲ್ಲ ಕ್ಯಾಶಾಗಿಯೇ ಬಳಸಿಬಿಡುವ ಡ್ರೈವ್‌ಗಳಲ್ಲಿ ಮಾತ್ರ, ತೆರವು ಮಾಡದೆ ಬರೆಯಲು ಜಾಗವೇ ಉಳಿಯದ ಕಾರಣ, ಕುಸಿತ ಇನ್ನೂ ಆಳವಾಗಿರುತ್ತದೆ. ಕ್ಯೂಎಲ್‌ಸಿ ಡ್ರೈವುಗಳು ಸೆಕೆಂಡಿಗೆ 100 ಎಂಬಿಯ ಆಸುಪಾಸಿಗೆ ಬರುವುದು ಹೀಗೆ.

ಖಾಲಿ ಜಾಗದ ಲೆಕ್ಕ ಇಲ್ಲಿ ಮುಖ್ಯ. ನಾಲ್ಕು ಬಿಟ್ ಹಿಡಿಯಬಲ್ಲ ಸೆಲ್ಲಿಗೆ ಒಂದೇ ಬಿಟ್ ಹಾಕಿದರೆ, 400 ಜಿಬಿ ಖಾಲಿ ಇರುವ ಕ್ಯೂಎಲ್‌ಸಿ ಡ್ರೈವಿನಲ್ಲಿ ಹೆಚ್ಚೆಂದರೆ 100 ಜಿಬಿ ಕ್ಯಾಶ್ ಸಿಕ್ಕೀತು. ಟಿಎಲ್‌ಸಿಯಾದರೆ ಮೂರನೆಯ ಒಂದು ಭಾಗ. ಇದು ಮೇಲ್ಮಿತಿ ಮಾತ್ರ, ಎಲ್ಲ ತಯಾರಕರೂ ಅಲ್ಲಿಯವರೆಗೆ ಹೋಗುವುದಿಲ್ಲ. ಉದಾಹರಣೆಗೆ ಇಂಟೆಲ್ 660ಪಿ ಎಂಬ ಕ್ಯೂಎಲ್‌ಸಿ ಡ್ರೈವಿನ 1 ಟಿಬಿ ಮಾದರಿಯಲ್ಲಿ, ಡ್ರೈವ್ ಖಾಲಿಯಿದ್ದಾಗ ಸುಮಾರು 140 ಜಿಬಿಯಷ್ಟಿರುವ ಕ್ಯಾಶ್, ಡ್ರೈವ್ ತುಂಬುತ್ತಾ ಬಂದಂತೆ ಕಿರಿದಾಗಿ ಕೊನೆಗೆ 12 ಜಿಬಿಗೆ ಇಳಿಯುತ್ತದೆ. ಡ್ರೈವ್ ಕೊಂಡ ಮೊದಲ ತಿಂಗಳಲ್ಲಿ ಇಲ್ಲದ ದೂರು ಆರು ತಿಂಗಳ ನಂತರ ಹುಟ್ಟಿಕೊಳ್ಳುವುದಕ್ಕೆ ಹೆಚ್ಚಿನ ಸಲ ಇದೇ ಕಾರಣ. ಡ್ರೈವ್ ಹಳೆಯದಾಗಿರುವುದಿಲ್ಲ, ತುಂಬಿಕೊಂಡಿರುತ್ತದೆ.

ಮೊದಲು ಬದಿಗಿಡಬೇಕಾದ ಅನುಮಾನಗಳು

ಸ್ಟುಡಿಯೊದವರು ತಂದ ದೂರು ಇಷ್ಟು. ಎರಡು ದಿನದ ಮದುವೆಯೊಂದರ 180 ಜಿಬಿ ಚಿತ್ರೀಕರಣವನ್ನು ಕಂಪ್ಯೂಟರಿನ ಮೊದಲನೆಯ ಎನ್‌ವಿಎಂಇ ಡ್ರೈವಿನಿಂದ ಎರಡನೆಯದಕ್ಕೆ ಕಾಪಿ ಮಾಡುವಾಗ ಹದಿನೆಂಟು ನಿಮಿಷ ಹಿಡಿದಿತ್ತು. ಎರಡನೆಯ ಡ್ರೈವಿನ ಪೆಟ್ಟಿಗೆಯ ಮೇಲೆ ಬರೆಯುವ ವೇಗ ಸೆಕೆಂಡಿಗೆ 1800 ಎಂಬಿವರೆಗೆ ಎಂದು ಅಚ್ಚಾಗಿತ್ತು. ಆ ಲೆಕ್ಕದಲ್ಲಿ ನೂರು ಸೆಕೆಂಡಿನಲ್ಲಿ ಕೆಲಸ ಮುಗಿಯಬೇಕಿತ್ತು. “ಡ್ರೈವ್ ಹೋಗಿದೆ ಅಂತ ಕಾಣುತ್ತೆ ಅಣ್ಣ, ವಾರಂಟಿಗೆ ಕಳಿಸಿಬಿಡಿ” ಎಂಬುದು ಅವರ ಕೋರಿಕೆ.

ಯಾವುದೇ ಪರೀಕ್ಷೆಗೆ ಮೊದಲು ಮಾಹಿತಿ ಎಲ್ಲಿಂದ ಬರುತ್ತಿದೆ ಎಂಬುದನ್ನು ನೋಡಬೇಕು. ಯುಎಚ್‌ಎಸ್-1 ದರ್ಜೆಯ ಕ್ಯಾಮೆರಾ ಕಾರ್ಡಿನಿಂದ ಕಾಪಿಯಾಗುತ್ತಿದ್ದರೆ ಕಾರ್ಡಿನ ವೇಗವೇ ಸೆಕೆಂಡಿಗೆ 90 ಎಂಬಿಯ ಹತ್ತಿರ ಇರುತ್ತದೆ, ಅಲ್ಲಿ ಎನ್‌ವಿಎಂಇ ಡ್ರೈವಿನದು ಯಾವ ತಪ್ಪೂ ಇಲ್ಲ. ಹಾಗೆಯೇ ಲಕ್ಷಗಟ್ಟಲೆ ಸಣ್ಣ ಫೋಟೊ ಫೈಲ್‌ಗಳಾದರೆ ಪ್ರತಿ ಫೈಲಿಗೂ ತೆರೆಯುವ, ಮುಚ್ಚುವ, ಆ್ಯಂಟಿವೈರಸ್ ತಪಾಸಣೆಯ ಹೊರೆ ಬೀಳುವುದರಿಂದ ವೇಗ ಮೊದಲಿನಿಂದಲೇ ಏರಿಳಿಯುತ್ತಿರುತ್ತದೆ. ಸ್ಟುಡಿಯೊದ ಪ್ರಕರಣದಲ್ಲಿ ಫೈಲ್‌ಗಳೆಲ್ಲ ಹಲವು ಜಿಬಿಗಳ ವಿಡಿಯೊಗಳು; ಮೂಲ ಡ್ರೈವನ್ನು ಪ್ರತ್ಯೇಕವಾಗಿ ಓದಿಸಿ ನೋಡಿದಾಗ ಅದರ ವೇಗ 180 ಜಿಬಿಯುದ್ದಕ್ಕೂ ಕುಸಿಯಲಿಲ್ಲ.

ಎರಡನೆಯದಾಗಿ ನೋಡಬೇಕಾದದ್ದು ಮದರ್‌ಬೋರ್ಡಿನ ಸಂಪರ್ಕ. ಕೆಲವು ಬೋರ್ಡುಗಳಲ್ಲಿ ಎರಡನೆಯ ಎಂ.2 ಸ್ಲಾಟಿಗೆ ನಾಲ್ಕರ ಬದಲು ಎರಡೇ ಲೇನ್ ಇರುತ್ತವೆ. ವಿಂಡೋಸಿನಲ್ಲಿ `CrystalDiskInfo` ತೋರಿಸುವ `Transfer Mode` ಸಾಲಿನಲ್ಲಿ ಈಗಿನ ಸಂಪರ್ಕ ಮತ್ತು ಡ್ರೈವ್ ಮುಟ್ಟಬಲ್ಲ ಸಂಪರ್ಕ ಎರಡೂ ಅಕ್ಕಪಕ್ಕದಲ್ಲಿ ಕಾಣುತ್ತವೆ. ಆದರೆ ಸಂಪರ್ಕದ ಕೊರತೆಯಿದ್ದರೆ ವೇಗ ಕಾಪಿಯ ಮೊದಲ ಸೆಕೆಂಡಿನಿಂದಲೇ ಕಡಿಮೆಯಿರಬೇಕು, ನಡುವೆ ಕುಸಿಯುವುದಿಲ್ಲ. ನಮ್ಮ ದೂರಿಗೆ ಇದು ಹೊಂದುವುದಿಲ್ಲವಾದ್ದರಿಂದ ಒಂದು ಕಣ್ಣು ಹಾಯಿಸಿ ಮುಂದೆ ಹೋಗಬಹುದು.

ವೇಗ ಪರೀಕ್ಷೆಯ ತಂತ್ರಾಂಶ ಓಡಿಸಿ, ‘ಎಲ್ಲ ಸರಿಯಿದೆ’ ಎಂದು ಹೇಳಿ ಕಳುಹಿಸುವ ಅಂಗಡಿಗಳೂ ಇವೆ. `CrystalDiskMark` ತಾನಾಗಿ ಆರಿಸಿಕೊಳ್ಳುವ ಪರೀಕ್ಷೆಯ ಗಾತ್ರ 1 ಜಿಬಿ. ಅದನ್ನು ಐದು ಸಲ ಬರೆದರೂ ಯಾವ ಕ್ಯಾಶೂ ತುಂಬುವುದಿಲ್ಲ, ಆದ್ದರಿಂದ ಪೆಟ್ಟಿಗೆಯ ಮೇಲಿನ ಸಂಖ್ಯೆಯೇ ಪರದೆಯ ಮೇಲೆಯೂ ಬರುತ್ತದೆ. ಇದನ್ನು ಡ್ರೈವಿನ ಆರೋಗ್ಯಕ್ಕೆ ಸಾಕ್ಷಿಯೆಂದು ಹೇಳಬಹುದೇ ಹೊರತು, 180 ಜಿಬಿ ಕಾಪಿಯ ಬಗ್ಗೆ ಇದರಿಂದ ಏನೂ ತಿಳಿಯದು.

ಎಷ್ಟನೆಯ ಜಿಬಿಯಲ್ಲಿ ಕುಸಿಯಿತು ಎಂಬುದೇ ಮುಖ್ಯ ಸುಳಿವು

ಕಾಪಿ ಕಿಟಕಿಯಲ್ಲಿ ಕಾಣುವ ವೇಗವನ್ನು ಪೂರ್ತಿ ನಂಬಬಾರದು, ಏಕೆಂದರೆ ಕಾರ್ಯಾಚರಣ ವ್ಯವಸ್ಥೆ ಮಾಹಿತಿಯನ್ನು ಸ್ವಲ್ಪ ಹೊತ್ತು ರ‍್ಯಾಮಿನಲ್ಲಿ ಇಟ್ಟುಕೊಂಡು ‘ಬರೆದಾಯಿತು’ ಎಂದು ತೋರಿಸುವುದುಂಟು. ಡ್ರೈವಿಗೆ ನಿಜವಾಗಿ ಹೋಗುತ್ತಿರುವುದನ್ನು ಸೆಕೆಂಡಿಗೊಮ್ಮೆ ದಾಖಲಿಸಿಕೊಳ್ಳಬೇಕು. ವಿಂಡೋಸಿನಲ್ಲಿ ಕಾಪಿ ಶುರುಮಾಡುವ ಮೊದಲು ಈ ಆಜ್ಞೆಯನ್ನು ಓಡಿಸಿಟ್ಟು, ಕಾಪಿ ಮುಗಿದ ಮೇಲೆ `Ctrl+C` ಒತ್ತಿ ನಿಲ್ಲಿಸಿದರೆ ಸಾಕು:

```
typeperf "\PhysicalDisk(*)\Disk Write Bytes/sec" -si 1 -o log.csv
```

ಲಿನಕ್ಸಿನಲ್ಲಿ ಮೂಲ ಡ್ರೈವಿನ ಗೊಡವೆಯೇ ಇಲ್ಲದಂತೆ, ರ‍್ಯಾಮನ್ನೂ ದಾಟಿ ನೇರವಾಗಿ ಬರೆದು ನೋಡುವ ಅನುಕೂಲವಿದೆ:

```
fio --name=seq --filename=/mnt/d/test.bin --size=150G \
    --bs=1M --rw=write --direct=1 --ioengine=libaio \
    --iodepth=8 --write_bw_log=seq --log_avg_msec=1000
```

ಇಂಥ ಪರೀಕ್ಷೆಯಿಂದ ಡ್ರೈವ್ ಸವೆಯುವುದಿಲ್ಲವೇ ಎಂಬ ಪ್ರಶ್ನೆ ಸಹಜ. ಒಟ್ಟು 200 ಟಿಬಿ ಬರೆಯಬಹುದೆಂದು ಖಾತರಿ ಕೊಟ್ಟಿರುವ ಡ್ರೈವಿನಲ್ಲಿ 150 ಜಿಬಿ ಎಂದರೆ ಶೇಕಡ ಒಂದರ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಅಗತ್ಯವಿದ್ದಾಗ ಮಾಡಬಹುದು, ದಿನವೂ ಮಾಡುವ ಕೆಲಸವಲ್ಲ.

ಸ್ಟುಡಿಯೊದ ಡ್ರೈವಿನಲ್ಲಿ ಆಗ ಖಾಲಿ ಇದ್ದ ಜಾಗ 232 ಜಿಬಿ. ಡ್ರೈವ್ ಕ್ಯೂಎಲ್‌ಸಿಯಾಗಿದ್ದರೆ ಅದರ ನಾಲ್ಕನೆಯ ಒಂದು ಭಾಗ, ಎಂದರೆ ಹೆಚ್ಚೆಂದರೆ 58 ಜಿಬಿ ಕ್ಯಾಶ್ ಸಿಗಬೇಕು. ದಾಖಲೆಯಲ್ಲಿ ವೇಗ ಸುಮಾರು 1800 ಎಂಬಿಯಲ್ಲಿ ಸಮನಾಗಿ ಸಾಗಿ, 54ನೆಯ ಜಿಬಿಯ ಹತ್ತಿರ ಒಂದೆರಡು ಸೆಕೆಂಡಿನೊಳಗೆ 120ಕ್ಕೆ ಬಿದ್ದು, ಅಲ್ಲಿಂದಾಚೆ 110 ಮತ್ತು 130ರ ನಡುವೆಯೇ ಉಳಿದಿತ್ತು. ಕಾಗದದ ಮೇಲಿನ ಲೆಕ್ಕವೂ ಇದಕ್ಕೆ ಸರಿಹೊಂದುತ್ತದೆ: ಮೊದಲ 54 ಜಿಬಿಗೆ 30 ಸೆಕೆಂಡು, ಉಳಿದ 126 ಜಿಬಿಗೆ ಸೆಕೆಂಡಿಗೆ 120 ಎಂಬಿಯಂತೆ 1050 ಸೆಕೆಂಡು, ಒಟ್ಟು ಹದಿನೆಂಟು ನಿಮಿಷ. ದೂರಿನಲ್ಲಿ ಹೇಳಿದ ಸಮಯವೂ ಅದೇ.

ಆದರೆ ಒಂದೇ ದಾಖಲೆಯಿಂದ ತೀರ್ಮಾನಕ್ಕೆ ಬರುವಂತಿಲ್ಲ, ಏಕೆಂದರೆ ಬಿಸಿಯಿಂದಲೂ ವೇಗ ಕಾಪಿಯ ನಡುವೆಯೇ ಇಳಿಯುತ್ತದೆ. ಎರಡನ್ನೂ ಬೇರ್ಪಡಿಸುವ ವಿಧಾನ ಹೀಗಿದೆ. ಬಿಸಿ ಮಿತಿ ಮೀರಿದಾಗ ಕಂಟ್ರೋಲರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಂಡು, ತಣ್ಣಗಾದ ಕೂಡಲೇ ಮತ್ತೆ ಏರಿಸುತ್ತದೆ. ಆದ್ದರಿಂದ ನಕ್ಷೆಯಲ್ಲಿ ಗರಗಸದ ಹಲ್ಲಿನಂತೆ ಏರಿಳಿತ ಕಾಣುತ್ತದೆ, ಕಾಪಿಯನ್ನು ಒಂದೆರಡು ನಿಮಿಷ ನಿಲ್ಲಿಸಿದರೆ ಪೂರ್ತಿ ವೇಗ ಮರಳುತ್ತದೆ, ಡ್ರೈವಿನ ಮೇಲೆ ಟೇಬಲ್ ಫ್ಯಾನಿನ ಗಾಳಿ ಬೀಳುವಂತೆ ಮಾಡಿದರೆ ಕುಸಿತ ಮುಂದಕ್ಕೆ ಹೋಗುತ್ತದೆ ಅಥವಾ ಇಲ್ಲವಾಗುತ್ತದೆ. ಕ್ಯಾಶ್ ತುಂಬಿದ್ದರಿಂದಾದ ಕುಸಿತಕ್ಕೆ ಫ್ಯಾನಿನಿಂದ ಏನೂ ವ್ಯತ್ಯಾಸವಾಗುವುದಿಲ್ಲ; ಅದೇ ಜಿಬಿಯಲ್ಲಿ ಬಿದ್ದು, ಅದೇ ಮಟ್ಟದಲ್ಲಿ ಸಮನಾಗಿ ನಿಲ್ಲುತ್ತದೆ. ಡ್ರೈವಿನ ಸ್ವಂತ ದಾಖಲೆಯನ್ನೂ ಕೇಳಬಹುದು:

```
sudo smartctl -a /dev/nvme0
```

ಇದರಲ್ಲಿ `Warning Comp. Temperature Time` ಎಂಬ ಸಾಲು, ಡ್ರೈವ್ ತನ್ನ ಎಚ್ಚರಿಕೆಯ ಉಷ್ಣತೆಯನ್ನು ದಾಟಿ ಒಟ್ಟು ಎಷ್ಟು ನಿಮಿಷ ಇತ್ತು ಎಂಬುದನ್ನು ಹೇಳುತ್ತದೆ. ಆ ಮಿತಿ ಎಷ್ಟು ಎಂಬುದು ಡ್ರೈವಿನಿಂದ ಡ್ರೈವಿಗೆ ಬೇರೆ, ಅದೂ ಅದೇ ವರದಿಯ ಮೇಲ್ಭಾಗದಲ್ಲಿ ಇರುತ್ತದೆ. ಕೆಲವು ಡ್ರೈವ್‌ಗಳು `Thermal Temp. 1 Transition Count` ಎಂಬ ಸಾಲನ್ನೂ ಕೊಡುತ್ತವೆ. ಕಾಪಿಗೆ ಮೊದಲು ಮತ್ತು ಆಮೇಲೆ ಈ ಎಣಿಕೆಯನ್ನು ಬರೆದಿಟ್ಟುಕೊಂಡು ಹೋಲಿಸಿದರೆ ಬಿಸಿಯ ಪಾತ್ರ ಇತ್ತೋ ಇಲ್ಲವೋ ಎಂಬುದು ನಿಶ್ಚಿತವಾಗುತ್ತದೆ. ನಮ್ಮ ಜಿಲ್ಲೆಯ ತಂಪು ಹವೆಯಲ್ಲಿ ಡೆಸ್ಕ್‌ಟಾಪುಗಳು ಈ ಮಿತಿಯನ್ನು ಮುಟ್ಟುವುದು ಅಪರೂಪ. ಆದರೆ ತೆಳ್ಳಗಿನ ಲ್ಯಾಪ್‌ಟಾಪಿನಲ್ಲಿ, ಗ್ರಾಫಿಕ್ಸ್ ಕಾರ್ಡಿನ ಕೆಳಗೆ ಅಡಗಿರುವ ಸ್ಲಾಟಿನಲ್ಲಿ, ಹೊರಗೆ ಎಷ್ಟೇ ಚಳಿಯಿದ್ದರೂ ಡ್ರೈವ್ ಕಾಯಬಲ್ಲದು. ಸ್ಟುಡಿಯೊದ ಡ್ರೈವ್ ಕುಸಿತದ ಹೊತ್ತಿಗೆ 58 ಡಿಗ್ರಿಯಲ್ಲಿತ್ತು, ಎಚ್ಚರಿಕೆಯ ನಿಮಿಷಗಳ ಎಣಿಕೆ ಸೊನ್ನೆಯಲ್ಲಿತ್ತು, ಫ್ಯಾನ್ ಇಟ್ಟಾಗಲೂ ಬೀಳುವ ಜಾಗ ಕದಲಲಿಲ್ಲ.

ಇನ್ನು ಉಳಿಯುವುದು ಕ್ಯಾಶನ್ನೇ ಬದಲಿಸಿ ನೋಡುವ ಪರೀಕ್ಷೆ. ಖಾಲಿ ಜಾಗ ಹೆಚ್ಚಿದರೆ ಕುಸಿತದ ಜಿಬಿಯೂ ಮುಂದಕ್ಕೆ ಸರಿಯಬೇಕು. ಸರಿಯದಿದ್ದರೆ ನಮ್ಮ ಊಹೆ ತಪ್ಪು. ಈಗಾಗಲೇ ಗಿರಾಕಿಗಳಿಗೆ ಕೊಟ್ಟು ಮುಗಿದಿದ್ದ ಹಳೆಯ ಕೆಲಸಗಳ 400 ಜಿಬಿಯನ್ನು ಹಾರ್ಡ್ ಡಿಸ್ಕಿಗೆ ಸಾಗಿಸಿ, ಇಲ್ಲಿಂದ ಅಳಿಸಿ, ಅಳಿಸಿದ ವಿಷಯವನ್ನು ಡ್ರೈವಿಗೆ ತಿಳಿಸುವ ಟ್ರಿಮ್ ಆಜ್ಞೆಯನ್ನು ಪವರ್‌ಶೆಲ್‌ನಲ್ಲಿ ಕೈಯಾರೆ ಓಡಿಸಿದೆವು:

```
Optimize-Volume -DriveLetter D -ReTrim -Verbose
```

ಈ ಹೆಜ್ಜೆಯನ್ನು ಬಿಡಬಾರದು. ಫೈಲ್ ಅಳಿಸಿದ ಮಾತ್ರಕ್ಕೆ ಆ ಸೆಲ್‌ಗಳು ಖಾಲಿಯೆಂದು ಕಂಟ್ರೋಲರಿಗೆ ಗೊತ್ತಾಗುವುದಿಲ್ಲ. ಟ್ರಿಮ್ ತಲುಪದಿದ್ದರೆ ವಿಂಡೋಸ್ ಕಣ್ಣಿಗೆ ಖಾಲಿಯಾಗಿರುವ ಡ್ರೈವ್ ಕಂಟ್ರೋಲರಿನ ಲೆಕ್ಕದಲ್ಲಿ ಇನ್ನೂ ತುಂಬಿಯೇ ಇರುತ್ತದೆ. ಆಮೇಲೆ ಅರ್ಧ ಗಂಟೆ ಕಂಪ್ಯೂಟರನ್ನು ನಿದ್ರೆಗೆ ಹೋಗಲು ಬಿಡದೆ ಸುಮ್ಮನೆ ಚಾಲೂ ಇಟ್ಟು, ಹಿಂದಿನ ಕ್ಯಾಶ್ ತೆರವಾಗಲು ಅವಕಾಶ ಕೊಟ್ಟು, ಅದೇ 180 ಜಿಬಿಯನ್ನು ಮತ್ತೆ ಕಾಪಿ ಮಾಡಿದಾಗ ಕುಸಿತ 140ನೆಯ ಜಿಬಿಯ ಹತ್ತಿರಕ್ಕೆ ಹೋಗಿತ್ತು, ಕೆಲಸ ಏಳು ನಿಮಿಷದೊಳಗೆ ಮುಗಿದಿತ್ತು. ಕುಸಿದ ಮೇಲಿನ ವೇಗ ಮಾತ್ರ ಮೊದಲಿನ 120 ಎಂಬಿಯೇ. ಇದರೊಂದಿಗೆ ರೋಗನಿರ್ಣಯ ಮುಗಿಯಿತು: ಡ್ರೈವಿನಲ್ಲಿ ದೋಷವಿಲ್ಲ, ಅದರ ರಚನೆಯೇ ಹಾಗೆ.

ಪೆಟ್ಟಿಗೆ ಮತ್ತು ಡೇಟಾಶೀಟ್ ಓದುವ ಬಗೆ

ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಅಚ್ಚಾಗುವ ಬರೆಯುವ ವೇಗವು ಖಾಲಿ ಡ್ರೈವಿನಲ್ಲಿ, ಕ್ಯಾಶಿನೊಳಗೆ, ದೊಡ್ಡ ತುಂಡುಗಳನ್ನು ಸಾಲಾಗಿ ಬರೆದಾಗ ಸಿಗುವ ಗರಿಷ್ಠ. ‘ವರೆಗೆ’ ಎಂಬ ಪುಟ್ಟ ಪದ ಅದರ ಪಕ್ಕದಲ್ಲಿ ಇದ್ದೇ ಇರುತ್ತದೆ. ಕೊಳ್ಳುವವರಿಗೆ ಬೇಕಾದದ್ದು ಇನ್ನೂ ಎರಡು ಸಂಖ್ಯೆಗಳು: ಕ್ಯಾಶ್ ಎಷ್ಟು ಜಿಬಿ, ಅದು ತುಂಬಿದ ಮೇಲಿನ ವೇಗ ಎಷ್ಟು. ಹೆಚ್ಚಿನ ತಯಾರಕರು ಇವೆರಡನ್ನೂ ಮುದ್ರಿಸುವುದಿಲ್ಲ, ಮತ್ತು ಮುದ್ರಿಸದಿರುವುದೇ ಒಂದು ಸೂಚನೆಯೆಂದು ನಾನು ಭಾವಿಸುತ್ತೇನೆ.

ಮುದ್ರಿಸಿದವರ ಉದಾಹರಣೆ ಸ್ಯಾಮ್‌ಸಂಗ್ 970 ಇವೊ ಪ್ಲಸ್. 2019ರಲ್ಲಿ ಬಂದ ಈ ಟಿಎಲ್‌ಸಿ ಡ್ರೈವಿನ ಡೇಟಾಶೀಟ್ ಗಾತ್ರವಾರು ಕ್ಯಾಶನ್ನೂ ನಂತರದ ವೇಗವನ್ನೂ ಹೇಳುತ್ತದೆ. 1 ಟಿಬಿ ಮಾದರಿಯಲ್ಲಿ 42 ಜಿಬಿ ಕ್ಯಾಶ್, ಅದರೊಳಗೆ 3300 ಎಂಬಿ, ನಂತರ 1700 ಎಂಬಿ. 500 ಜಿಬಿ ಮಾದರಿಯಲ್ಲಿ 22 ಜಿಬಿ ಕ್ಯಾಶ್, 3200 ಎಂಬಿ, ನಂತರ 900 ಎಂಬಿ. 250 ಜಿಬಿ ಮಾದರಿಯಲ್ಲಿ 13 ಜಿಬಿ ಕ್ಯಾಶ್, 2300 ಎಂಬಿ, ನಂತರ 400 ಎಂಬಿ. ಒಂದೇ ಹೆಸರಿನ ಡ್ರೈವಿನಲ್ಲಿ ಗಾತ್ರ ಇಳಿದಂತೆ ಚಿಪ್‌ಗಳ ಸಂಖ್ಯೆ ಇಳಿದು, ಏಕಕಾಲಕ್ಕೆ ಬರೆಯುವ ಕೈಗಳೂ ಕಡಿಮೆಯಾಗುವುದರಿಂದ ಈ ವ್ಯತ್ಯಾಸ. ಜಾಹೀರಾತಿನಲ್ಲಿ ಮಾತ್ರ ಎಲ್ಲ ಗಾತ್ರಗಳಿಗೂ ಸೇರಿ ಅತಿ ದೊಡ್ಡ ಮಾದರಿಯ ವೇಗವೊಂದನ್ನೇ ಹಾಕಿರುತ್ತಾರೆ.

ಇಂಥ ಮೂರು ಸಂಖ್ಯೆಗಳು ಸಿಕ್ಕಿದರೆ ಕಾಪಿಯ ಸಮಯವನ್ನು ಕೊಳ್ಳುವ ಮೊದಲೇ ಅಂದಾಜು ಮಾಡಬಹುದು. `S` ಎಂದರೆ ಕಾಪಿಯ ಗಾತ್ರ, `C` ಕ್ಯಾಶ್, `V1` ಕ್ಯಾಶಿನೊಳಗಿನ ವೇಗ, `V2` ನಂತರದ ವೇಗ:

```
T = C/V1 + (S - C)/V2
```

ಸ್ಟುಡಿಯೊದ 180 ಜಿಬಿಯನ್ನು ಇದಕ್ಕೆ ಹಾಕಿದರೆ 1 ಟಿಬಿ ಮಾದರಿಗೆ ಸುಮಾರು 94 ಸೆಕೆಂಡು, 500 ಜಿಬಿ ಮಾದರಿಗೆ ಮೂರು ನಿಮಿಷ, 250 ಜಿಬಿ ಮಾದರಿಗೆ ಏಳು ನಿಮಿಷ ಬರುತ್ತದೆ. ಪೆಟ್ಟಿಗೆಯ ಮೇಲಿನ ವೇಗವನ್ನಷ್ಟೇ ನೋಡಿದವರಿಗೆ ಮೊದಲೆರಡರ ನಡುವೆ ವ್ಯತ್ಯಾಸವೇ ಕಾಣಿಸುವುದಿಲ್ಲ.

ಕ್ಯಾಶ್ ದೊಡ್ಡದಿದ್ದಷ್ಟೂ ಒಳ್ಳೆಯದೆಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. 2021ರಲ್ಲಿ ಇದೇ 970 ಇವೊ ಪ್ಲಸ್ ಹೆಸರಿನಲ್ಲೇ ಕಂಟ್ರೋಲರ್ ಬದಲಾದ ಡ್ರೈವ್ ಮಾರುಕಟ್ಟೆಗೆ ಬಂದಿತು. ಅದರ 1 ಟಿಬಿ ಮಾದರಿಯಲ್ಲಿ ಕ್ಯಾಶ್ ಸುಮಾರು 115 ಜಿಬಿಗೆ ಹಿಗ್ಗಿತ್ತು, ಆದರೆ ಕ್ಯಾಶ್ ತುಂಬಿದ ಮೇಲಿನ ವೇಗ ಸುಮಾರು 800 ಎಂಬಿಗೆ ಇಳಿದಿತ್ತು. ಮೇಲಿನ ಸೂತ್ರದಂತೆ 100 ಜಿಬಿಯ ಕಾಪಿಗೆ ಹೊಸದು 30 ಸೆಕೆಂಡು ತೆಗೆದುಕೊಂಡರೆ ಹಳೆಯದು 47 ತೆಗೆದುಕೊಳ್ಳುತ್ತದೆ. 180 ಜಿಬಿಗೆ ಬಂದಾಗ ಹೊಸದಕ್ಕೆ ಸುಮಾರು 116, ಹಳೆಯದಕ್ಕೆ 94. ಎರಡೂ ಸರಿಸಮವಾಗುವುದು 150 ಜಿಬಿಯ ಆಸುಪಾಸಿನಲ್ಲಿ. ಹಾಗಾಗಿ ಒಂದು ಸಲಕ್ಕೆ ಎಷ್ಟು ಕಾಪಿ ಮಾಡುತ್ತೇವೆ ಎಂಬುದನ್ನು ಹೇಳದೆ ಯಾವ ಡ್ರೈವ್ ಒಳ್ಳೆಯದು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಹೆಸರು ಒಂದೇ ಇದ್ದರೂ ಒಳಗಿನದು ಬದಲಾಗಬಹುದಾದ್ದರಿಂದ, ಹಳೆಯ ವಿಮರ್ಶೆಯೊಂದನ್ನು ನೋಡಿ ಕೊಳ್ಳುವಾಗ ಅದರಲ್ಲಿರುವ ಭಾಗ ಸಂಖ್ಯೆಗೂ ಅಂಗಡಿಯಲ್ಲಿರುವ ಪೆಟ್ಟಿಗೆಯ ಸಂಖ್ಯೆಗೂ ತಾಳೆ ನೋಡುವುದು ಒಳ್ಳೆಯದು.

‘ಡಿ-ರ‍್ಯಾಮ್ ಕ್ಯಾಶ್ ಇದೆ’ ಎಂದು ಬರೆದಿರುವುದನ್ನು ಮೇಲಿನ ಕ್ಯಾಶಿನೊಂದಿಗೆ ಬೆರೆಸಬಾರದು. ಡ್ರೈವಿನ ಮೇಲಿರುವ ಡಿ-ರ‍್ಯಾಮ್ ಚಿಪ್ ಮುಖ್ಯವಾಗಿ ಯಾವ ಮಾಹಿತಿ ಯಾವ ಸೆಲ್ಲಿನಲ್ಲಿದೆ ಎಂಬ ಪಟ್ಟಿಯನ್ನು ಇಟ್ಟುಕೊಳ್ಳಲು ಇದೆ. 1 ಟಿಬಿ ಡ್ರೈವಿಗೆ ಅದು ಸಾಮಾನ್ಯವಾಗಿ 1 ಜಿಬಿ. ಅದಿಲ್ಲದ ಅಗ್ಗದ ಡ್ರೈವ್‌ಗಳು ಕಂಪ್ಯೂಟರಿನ ರ‍್ಯಾಮಿನಿಂದಲೇ ಕೆಲವು ಹತ್ತು ಎಂಬಿ ಎರವಲು ಪಡೆಯುತ್ತವೆ. ಚದುರಿದ ಸಣ್ಣ ಓದು ಬರಹಗಳಲ್ಲಿ ಡಿ-ರ‍್ಯಾಮಿನಿಂದ ಪ್ರಯೋಜನವಿದೆ, ಆದರೆ 180 ಜಿಬಿಯ ಕಾಪಿಗೆ 1 ಜಿಬಿಯ ಚಿಪ್ ಆಸರೆಯಾಗದು.

ಸೆಲ್ಲಿನ ಬಗೆಯನ್ನು ತಯಾರಕರು ಹೇಳದೇ ಇದ್ದಾಗ ಒಟ್ಟು ಎಷ್ಟು ಟಿಬಿ ಬರೆಯಬಹುದೆಂದು ಹೇಳುವ ಟಿಬಿಡಬ್ಲ್ಯು ಎಂಬ ಖಾತರಿ ಸಂಖ್ಯೆಯಿಂದ ಊಹಿಸಬಹುದು. 1 ಟಿಬಿಯ 970 ಇವೊ ಪ್ಲಸ್‌ಗೆ ಅದು 600, ಅದೇ ಗಾತ್ರದ 660ಪಿಗೆ 200. ಇನ್ನೂರರ ಹತ್ತಿರದ ಸಂಖ್ಯೆ ಕಂಡರೆ ಕ್ಯೂಎಲ್‌ಸಿ ಇರಬಹುದೆಂದು ಅನುಮಾನಿಸಬೇಕು, ಖಚಿತವೆಂದು ಹೇಳಬಾರದು.

ಸ್ಟುಡಿಯೊಗೆ ಕೊಟ್ಟ ಸಲಹೆ

ಅದೇ ಡ್ರೈವನ್ನು ಇಟ್ಟುಕೊಳ್ಳುವುದಾದರೆ ಯಾವಾಗಲೂ ಅರ್ಧಕ್ಕಿಂತ ಹೆಚ್ಚು ಖಾಲಿ ಬಿಡಬೇಕು, ಮೊದಲ ದಿನದ ಚಿತ್ರೀಕರಣವನ್ನು ಅಂದೇ ರಾತ್ರಿ ಕಾಪಿ ಮಾಡಿ ಎರಡನೆಯ ದಿನದ್ದನ್ನು ಮರುದಿನ ಮಾಡಬೇಕು, ನಡುವೆ ಡ್ರೈವಿಗೆ ಬಿಡುವು ಸಿಕ್ಕರೆ ಎರಡು ಸಲವೂ ಪೂರ್ತಿ ವೇಗ ಸಿಗುತ್ತದೆ. ಸಂಗ್ರಹಕ್ಕಷ್ಟೇ ಆದರೆ ಈ ಡ್ರೈವಿಗಿಂತ ಸಾಮಾನ್ಯ 3.5 ಇಂಚಿನ ಹಾರ್ಡ್ ಡಿಸ್ಕೇ ಮೇಲು. ಅದು ಸೆಕೆಂಡಿಗೆ 150 ಎಂಬಿಯನ್ನು ಕ್ಯಾಶಿನ ಹಂಗಿಲ್ಲದೆ ಗಂಟೆಗಟ್ಟಲೆ ಬರೆಯಬಲ್ಲದು, ಕ್ಯಾಶ್ ತುಂಬಿದ ಕ್ಯೂಎಲ್‌ಸಿಗೆ ಅಷ್ಟೂ ಆಗುವುದಿಲ್ಲ. ಎಡಿಟಿಂಗಿಗೆ ಹೊಸ ಡ್ರೈವ್ ಕೊಳ್ಳುವಾಗ ಟಿಎಲ್‌ಸಿ ಎಂದು ಬರಹದಲ್ಲಿ ಹೇಳಿರುವ, ಕ್ಯಾಶಿನ ನಂತರದ ವೇಗ ಪ್ರಕಟವಾಗಿರುವ 1 ಟಿಬಿ ಅಥವಾ ಅದಕ್ಕಿಂತ ದೊಡ್ಡದನ್ನು ಆರಿಸಬೇಕು. ಮಳೆಗಾಲದಲ್ಲಿ ಇನ್ನೊಂದು ವಿಚಾರವಿದೆ. ದಕ್ಷಿಣ ಕೊಡಗಿನಲ್ಲಿ ಮರ ಬಿದ್ದು ಕರೆಂಟು ಹೋಗುವುದು ಹೊಸದಲ್ಲ, ಮತ್ತು ಸಣ್ಣ ಯುಪಿಎಸ್ ಎಡಿಟಿಂಗ್ ಕಂಪ್ಯೂಟರನ್ನು ಹದಿನೆಂಟು ನಿಮಿಷ ಹೊರುವುದಿಲ್ಲ. ಮನೆಬಳಕೆಯ ಎನ್‌ವಿಎಂಇ ಡ್ರೈವ್‌ಗಳಲ್ಲಿ ಕರೆಂಟು ಹೋದಾಗ ಬರಹ ಮುಗಿಸಲು ಬೇಕಾದ ಕೆಪ್ಯಾಸಿಟರ್‌ಗಳು ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಕಾಪಿ ಮುಗಿದು ಫೈಲ್‌ಗಳನ್ನು ತೆರೆದು ನೋಡುವವರೆಗೆ ಕ್ಯಾಮೆರಾ ಕಾರ್ಡುಗಳನ್ನು ಫಾರ್ಮ್ಯಾಟ್ ಮಾಡಬಾರದೆಂದು ಹೇಳಿ ಕಳುಹಿಸಿದೆವು.

ವಾರಂಟಿಗೆ ಕಳುಹಿಸಬೇಕಾದ ಡ್ರೈವ್ ಬೇರೆಯದೇ ಲಕ್ಷಣಗಳನ್ನು ತೋರಿಸುತ್ತದೆ. ಅದರಲ್ಲಿ ಬರೆಯುವುದಷ್ಟೇ ಅಲ್ಲದೆ ಓದುವ ವೇಗವೂ ಅಲ್ಲಲ್ಲಿ ಮುಗ್ಗರಿಸುತ್ತದೆ, ಅರ್ಧ ಗಂಟೆ ಸುಮ್ಮನೆ ಬಿಟ್ಟರೂ ಮೊದಲ ಜಿಬಿಗಳೇ ನಿಧಾನವಾಗಿರುತ್ತವೆ, `smartctl` ವರದಿಯಲ್ಲಿ `Media and Data Integrity Errors` ಸೊನ್ನೆಯಾಗಿರದೆ ಏರುತ್ತಿರುತ್ತದೆ ಅಥವಾ `Available Spare` ನೂರರಿಂದ ಇಳಿಯುತ್ತಿರುತ್ತದೆ, ವಿಂಡೋಸಿನ ಈವೆಂಟ್ ವ್ಯೂವರಿನಲ್ಲಿ `disk` ಮೂಲದಿಂದ 153 ಅಥವಾ `stornvme` ಮೂಲದಿಂದ 129 ಸಂಖ್ಯೆಯ ನಮೂದುಗಳು ಕಾಪಿಯ ಹೊತ್ತಿಗೆ ಸರಿಯಾಗಿ ಸಾಲುಗಟ್ಟಿರುತ್ತವೆ. ಇವುಗಳಲ್ಲಿ ಯಾವುದಾದರೂ ಕಂಡರೆ ಮೊದಲು ಮಾಹಿತಿಯನ್ನು ಬೇರೆಡೆಗೆ ತೆಗೆದಿಟ್ಟು, `smartctl` ವರದಿಯನ್ನೂ ಸೆಕೆಂಡುವಾರು ದಾಖಲೆಯನ್ನೂ ಡ್ರೈವಿನ ಜೊತೆಗೇ ಕಳುಹಿಸಬೇಕು.